ಮದುವೆಯ ನಂತರ ಬ್ಯಾಂಕಿನಲ್ಲಿ ಅಡ್ಡಹೆಸರು ಬದಲಿಸುವುದು: ದಾಖಲೆ, ಕ್ರಮ ಮತ್ತು ಠೇವಣಿಗಳ ತಿದ್ದುಪಡಿ

ಮದುವೆಯಾದ ಹೆಣ್ಣು ಗಂಡನ ಮನೆಯ ಅಡ್ಡಹೆಸರನ್ನು ಇಟ್ಟುಕೊಳ್ಳಲೇಬೇಕೆಂದು ಭಾರತದ ಯಾವ ಕಾನೂನೂ ಹೇಳುವುದಿಲ್ಲ. ತವರಿನ ಹೆಸರಿನಲ್ಲೇ ಮುಂದುವರಿಯುವವರು ಬ್ಯಾಂಕಿಗೆ ಹೊಸ ವಿಳಾಸವನ್ನೂ ವೈವಾಹಿಕ ಸ್ಥಿತಿಯನ್ನೂ ತಿಳಿಸಿದರೆ ಸಾಕು. ಉಳಿದ ಯಾವ ಓಡಾಟವೂ ಬೇಡ. ಬ್ಯಾಂಕ್ ಶಾಖೆಯ ಕೌಂಟರಿನಲ್ಲಿ ಹಲವು ವರ್ಷ ಕೂತು ಇಂಥ ಅರ್ಜಿಗಳನ್ನು ತೆಗೆದುಕೊಂಡವನಾಗಿ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ ಇದೇ ಆಗಿತ್ತು: ಬದಲಿಸಲೇಬೇಕೆಂದು ನೀವೇ ನಿರ್ಧರಿಸಿದ್ದೀರೋ, ಅಥವಾ ಬದಲಿಸದಿದ್ದರೆ ಖಾತೆ ನಿಂತುಹೋಗುತ್ತದೆ ಎಂದು ಯಾರೋ ಹೇಳಿದ್ದಾರೋ? ಖಾತೆ ನಿಲ್ಲುವುದಿಲ್ಲ. ತೊಂದರೆ ಬರುವುದು ಅರ್ಧ ಬದಲಿಸಿದಾಗ. ಆಧಾರ್‌ನಲ್ಲಿ ಒಂದು ಹೆಸರು, ಪ್ಯಾನ್‌ನಲ್ಲಿ ಇನ್ನೊಂದು, ಬ್ಯಾಂಕಿನ ಎರಡು ಖಾತೆಗಳಲ್ಲಿ ಎರಡು ಬಗೆ ಎಂದಾದಾಗ ತೆರಿಗೆಯ ಮರುಪಾವತಿ, ಮ್ಯೂಚುವಲ್ ಫಂಡಿನ ಹಣ, ಭವಿಷ್ಯನಿಧಿ ಎಲ್ಲವೂ ಒಂದೊಂದಾಗಿ ಸಿಕ್ಕಿಹಾಕಿಕೊಳ್ಳುತ್ತವೆ.

ಆದ್ದರಿಂದ ಈ ಬರಹ ಬದಲಿಸಲು ನಿರ್ಧರಿಸಿದವರಿಗಾಗಿ. ಅನುಕೂಲಕ್ಕೆ ಒಂದು ಕಲ್ಪಿತ ಪ್ರಸಂಗವನ್ನು ಇಟ್ಟುಕೊಳ್ಳೋಣ. ಶಿರಸಿಯ ಕಡೆಯ ಸುಮಾ ಎಂಬಾಕೆಯ ಹೆಸರು ಎಲ್ಲ ದಾಖಲೆಗಳಲ್ಲಿ SUMA NARAYAN HEGDE ಎಂದಿದೆ. ನಡುವಿನದು ತಂದೆಯ ಹೆಸರು. ಮದುವೆಯ ನಂತರ ಆಕೆ ಭಟ್ ಎಂಬ ಅಡ್ಡಹೆಸರನ್ನು ಬಳಸಲು ಬಯಸಿದ್ದಾಳೆ. ಆಕೆಗೆ ಊರಿನಲ್ಲಿ ಕಾಲೇಜಿನ ದಿನಗಳಲ್ಲಿ ಸಿಂಡಿಕೇಟ್ ಬ್ಯಾಂಕಿನಲ್ಲಿ ತೆರೆದ ಒಂದು ಉಳಿತಾಯ ಖಾತೆ ಇದೆ, ಅದೀಗ ಕೆನರಾ ಬ್ಯಾಂಕಿನದು. ಬೆಂಗಳೂರಿನಲ್ಲಿ ಅದೇ ಕೆನರಾ ಬ್ಯಾಂಕಿನಲ್ಲಿ 2017ರಲ್ಲಿ ತೆರೆದ ಸಂಬಳದ ಖಾತೆ ಇದೆ. ತಂದೆಯೊಂದಿಗೆ ಜಂಟಿಯಾಗಿ ಇಟ್ಟ ಮೂರು ಲಕ್ಷ ರೂಪಾಯಿಯ ನಿಶ್ಚಿತ ಠೇವಣಿ ಇದೆ. ತಾಯಿಯ ಖಾತೆಯಲ್ಲಿ ಆಕೆಯೇ ನಾಮಿನಿ.

ಮೊದಲ ಹೆಜ್ಜೆ: ಹೊಸ ಹೆಸರಿನ ಒಂದೊಂದು ಅಕ್ಷರವನ್ನೂ ತೀರ್ಮಾನಿಸಿಕೊಳ್ಳುವುದು

ಇದು ಕಾಗದದ ಕೆಲಸವಲ್ಲ, ಆದರೆ ಇಲ್ಲಿ ಎಡವಿದವರು ಮುಂದೆ ಎಲ್ಲ ಕಡೆಯೂ ಎಡವುತ್ತಾರೆ. ಕನ್ನಡದಲ್ಲಿ 'ಭಟ್' ಎಂದು ಬರೆದರೆ ಮುಗಿಯಿತು. ಇಂಗ್ಲಿಷ್ ಅಕ್ಷರಗಳಲ್ಲಿ ಅದೇ ಹೆಸರು BHAT, BHATT, BHATTA ಎಂದು ಮೂರು ರೂಪ ತಾಳುತ್ತದೆ. ಹೆಗಡೆ ಎಂಬುದು HEGDE ಮತ್ತು HEGADE ಎಂದು, ಶೆಟ್ಟಿ ಎಂಬುದು SHETTY ಮತ್ತು SHETTI ಎಂದು ಒಂದೇ ಮನೆಯಲ್ಲೇ ಎರಡು ಬಗೆಯಾಗಿರುವುದುಂಟು. ಗಂಡನ ಪ್ಯಾನ್ ಕಾರ್ಡಿನಲ್ಲಿ ಯಾವ ರೂಪ ಇದೆಯೋ ಅದನ್ನೇ ತೆಗೆದುಕೊಳ್ಳುವುದು ಒಳ್ಳೆಯದು, ಮುಂದೆ ಜಂಟಿ ಸಾಲ, ಮಕ್ಕಳ ಜನನ ಪ್ರಮಾಣಪತ್ರ ಮುಂತಾದವುಗಳಲ್ಲಿ ಅದು ಹೊಂದಿಕೊಳ್ಳುತ್ತದೆ.

ಎರಡನೆಯ ಪ್ರಶ್ನೆ ನಡುವಿನ ಹೆಸರಿನದು. ಉತ್ತರ ಕನ್ನಡದಲ್ಲೂ ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲೂ ತಂದೆಯ ಹೆಸರು ನಡುವೆ ಇರುತ್ತದೆ, ಮದುವೆಯಾದ ಮೇಲೆ ಅಲ್ಲಿ ಗಂಡನ ಹೆಸರು ಬರುತ್ತದೆ. ಹೀಗಾಗಿ ಮೂರರಲ್ಲಿ ಎರಡು ಪದಗಳೇ ಬದಲಾಗಿ, ಹಳೆಯ ಮತ್ತು ಹೊಸ ಹೆಸರಿನ ನಡುವೆ ಸುಮಾ ಎಂಬುದೊಂದೇ ಕೊಂಡಿಯಾಗಿ ಉಳಿಯುತ್ತದೆ. ಹಳೆ ಮೈಸೂರಿನ ಕಡೆಯವರಿಗೆ ಅಡ್ಡಹೆಸರೇ ಇರುವುದಿಲ್ಲ, ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು ಮಾತ್ರ ಇರುತ್ತವೆ, ಆದರೆ ಪ್ಯಾನ್ ಅರ್ಜಿಯಲ್ಲಿ ಮೊದಲ ಹೆಸರಿನ ಹಾಗೂ ಕೊನೆಯ ಹೆಸರಿನ ಜಾಗದಲ್ಲಿ ಬರೀ ಮೊದಲಕ್ಷರವನ್ನು ಬರೆಯುವಂತಿಲ್ಲ. ನನ್ನ ಸಲಹೆ, ಎಷ್ಟು ಕಡಿಮೆ ಬದಲಿಸಲು ಸಾಧ್ಯವೋ ಅಷ್ಟು ಕಡಿಮೆ ಬದಲಿಸಿ. ಸುಮಾ ನಡುವಿನ ಹೆಸರನ್ನೇ ಬಿಟ್ಟು SUMA BHAT ಎಂದು ಇಟ್ಟುಕೊಂಡರೆ ಎಲ್ಲ ಕಡೆ ಎರಡೇ ಪದ. ತಪ್ಪು ಟೈಪಾಗುವ ಅವಕಾಶವೂ ಕಡಿಮೆ. ತೀರ್ಮಾನಿಸಿದ ರೂಪವನ್ನು ಒಂದು ಚೀಟಿಯಲ್ಲಿ ದೊಡ್ಡಕ್ಷರಗಳಲ್ಲಿ ಬರೆದು, ಹೋದ ಕಡೆಯಲ್ಲೆಲ್ಲ ಆ ಚೀಟಿಯನ್ನೇ ತೋರಿಸಿ. ಬಾಯಲ್ಲಿ ಹೇಳಿ ಬರೆಸಬೇಡಿ.

ಎರಡನೆಯ ಹೆಜ್ಜೆ: ವಿವಾಹ ನೋಂದಣಿ ಪ್ರಮಾಣಪತ್ರ, ಮತ್ತು ಅದರಲ್ಲಿ ಇಲ್ಲದ ಒಂದು ಸಾಲು

ಎಲ್ಲಕ್ಕೂ ತಾಯಿಬೇರು ವಿವಾಹ ನೋಂದಣಿ ಪ್ರಮಾಣಪತ್ರ. ಕರ್ನಾಟಕದಲ್ಲಿ ಇದನ್ನು ಉಪನೋಂದಣಾಧಿಕಾರಿಗಳ ಕಚೇರಿ ಕೊಡುತ್ತದೆ. ಹಿಂದೂ ವಿವಾಹ ಕಾಯ್ದೆ, 1955ರ ಅಡಿಯಲ್ಲಿ ಆದ ಮದುವೆಗಳ ನೋಂದಣಿಗೆ ಕಾವೇರಿ ಜಾಲತಾಣದ ಮೂಲಕವೂ ಅರ್ಜಿ ಹಾಕಬಹುದು. ಕಲ್ಯಾಣ ಮಂಟಪದವರು, ದೇವಸ್ಥಾನದವರು ಅಥವಾ ಇತರ ಧಾರ್ಮಿಕ ಸಂಸ್ಥೆಯವರು ಕೊಡುವ ಪತ್ರವನ್ನು ಬ್ಯಾಂಕಿನ ಮಟ್ಟಿಗೆ ಇದಕ್ಕೆ ಸಮ ಎಂದು ಭಾವಿಸಬೇಡಿ.

ರಿಸರ್ವ್ ಬ್ಯಾಂಕಿನ ಕೆವೈಸಿ ನಿರ್ದೇಶನದಲ್ಲಿ ಈ ವಿಷಯಕ್ಕೇ ಸಂಬಂಧಿಸಿದ ಒಂದು ವಿವರಣೆ ಇದೆ, ಅದು ಗ್ರಾಹಕರಿಗೆ ಹೆಚ್ಚಾಗಿ ಗೊತ್ತಿಲ್ಲ. ಗುರುತಿನ ದಾಖಲೆಯೊಂದು ವಿತರಣೆಯಾದ ನಂತರ ವ್ಯಕ್ತಿಯ ಹೆಸರು ಬದಲಾಗಿದ್ದರೂ, ಆ ಬದಲಾವಣೆಯನ್ನು ತೋರಿಸುವ ರಾಜ್ಯ ಸರ್ಕಾರದ ವಿವಾಹ ಪ್ರಮಾಣಪತ್ರ ಅಥವಾ ರಾಜ್ಯಪತ್ರದ ಪ್ರಕಟಣೆ ಜೊತೆಗಿದ್ದರೆ ಹಳೆಯ ದಾಖಲೆಯನ್ನು ಅಧಿಕೃತ ದಾಖಲೆಯೆಂದೇ ಪರಿಗಣಿಸಬೇಕು ಎಂಬುದು ಅದರ ಸಾರ. ಅಂದರೆ ಹಳೆಯ ಹೆಸರಿನ ಪಾಸ್‌ಪೋರ್ಟ್, ಆಧಾರ್, ಚಾಲನಾ ಪರವಾನಗಿ ಅಥವಾ ಮತದಾರರ ಗುರುತಿನ ಚೀಟಿಯ ಜೊತೆ ವಿವಾಹ ಪ್ರಮಾಣಪತ್ರವನ್ನು ಕೊಟ್ಟು ಬ್ಯಾಂಕಿನಲ್ಲಿ ಹೆಸರು ಬದಲಿಸಿಕೊಳ್ಳಲು ನಿಯಮದಲ್ಲಿ ದಾರಿ ಇದೆ.

ಆದರೂ ಶಾಖೆಯವರು ಹಿಂಜರಿಯುತ್ತಾರೆ, ಅದಕ್ಕೆ ಕಾರಣವೂ ಇದೆ. ನಮ್ಮ ವಿವಾಹ ಪ್ರಮಾಣಪತ್ರದಲ್ಲಿ ಸಾಮಾನ್ಯವಾಗಿ ವಧುವಿನ ಮದುವೆಗೆ ಮುಂಚಿನ ಹೆಸರು, ತಂದೆಯ ಹೆಸರು, ವರನ ವಿವರ ಇರುತ್ತವೆ. 'ಇನ್ನು ಮುಂದೆ ಈಕೆಯನ್ನು ಹೀಗೆ ಕರೆಯಲಾಗುತ್ತದೆ' ಎಂಬ ಸಾಲು ಇರುವುದಿಲ್ಲ. ಸುಮಾ ನಾರಾಯಣ ಹೆಗಡೆ ಎಂಬಾಕೆ ಒಬ್ಬ ಭಟ್ಟರನ್ನು ಮದುವೆಯಾದಳು ಎಂಬುದನ್ನು ಅದು ಸಾಬೀತುಪಡಿಸುತ್ತದೆ, ಆಕೆಯ ಹೆಸರೀಗ SUMA BHAT ಎಂಬುದನ್ನಲ್ಲ. ಈ ಕೊರತೆಯನ್ನು ತುಂಬಲು ಎರಡು ಮಾರ್ಗಗಳಿವೆ. ಒಂದು, ಛಾಪಾ ಕಾಗದದ ಮೇಲೆ ನೋಟರಿಯವರ ಮುಂದೆ ಮಾಡುವ ಅಫಿಡವಿಟ್. ಅದರಲ್ಲಿ ಹಳೆಯ ಹೆಸರು, ಹೊಸ ಹೆಸರು, ಮದುವೆಯ ದಿನಾಂಕ, ನೋಂದಣಿ ಸಂಖ್ಯೆ, ಮತ್ತು ಎರಡೂ ಹೆಸರುಗಳು ಒಬ್ಬಳೇ ವ್ಯಕ್ತಿಯವು ಎಂಬ ಘೋಷಣೆ ಇರಬೇಕು. ಎರಡು, ಮೊದಲು ಹೊಸ ಹೆಸರಿನಲ್ಲಿ ಆಧಾರ್ ಮತ್ತು ಪ್ಯಾನ್ ಪಡೆದು ಅವನ್ನೇ ವಿವಾಹ ಪ್ರಮಾಣಪತ್ರದೊಂದಿಗೆ ಬ್ಯಾಂಕಿಗೆ ಕೊಡುವುದು. ಎರಡನೆಯದೇ ಲೇಸು. ಹೇಗೂ ಆಧಾರ್ ಮತ್ತು ಪ್ಯಾನ್ ಬದಲಾಗಲೇಬೇಕು, ಬದಲಾದ ಮೇಲೆ ಶಾಖೆಯಲ್ಲಿ ವಾದಕ್ಕೆ ಜಾಗವೇ ಉಳಿಯುವುದಿಲ್ಲ. ಮದುವೆಯಿಂದ ಬಂದ ಬದಲಾವಣೆಯಲ್ಲದೆ ಮೊದಲ ಹೆಸರೂ ಬದಲಾಗುವುದಾದರೆ ಮಾತ್ರ ರಾಜ್ಯಪತ್ರದ ಪ್ರಕಟಣೆಯ ದಾರಿಯನ್ನು ಹಿಡಿಯಬೇಕಾಗುತ್ತದೆ.

ಮೂರನೆಯ ಹೆಜ್ಜೆ: ಆಧಾರ್, ಆಮೇಲೆ ಪ್ಯಾನ್, ಆಮೇಲೆ ಬ್ಯಾಂಕ್

ಈ ಅನುಕ್ರಮ ಮುಖ್ಯ. ಪ್ಯಾನ್ ತಿದ್ದುಪಡಿಯ ಅರ್ಜಿಯನ್ನು ಆಧಾರ್ ಆಧಾರಿತವಾಗಿ ಮಾಡುವಾಗ ಅರ್ಜಿಯಲ್ಲಿನ ಹೆಸರು ಆಧಾರ್‌ನಲ್ಲಿರುವುದಕ್ಕೆ ತಾಳೆಯಾಗಬೇಕು, ಬ್ಯಾಂಕು ತನ್ನ ಗ್ರಾಹಕರ ಹೆಸರನ್ನು ಪ್ಯಾನ್ ದತ್ತಾಂಶದೊಂದಿಗೆ ತಾಳೆ ನೋಡುತ್ತದೆ; ಹೀಗಾಗಿ ಒಂದರ ಮೇಲೆ ಒಂದು ನಿಲ್ಲುತ್ತದೆ.

ಆಧಾರ್‌ಗೆ ಸೇವಾ ಕೇಂದ್ರಕ್ಕೋ, ಆಧಾರ್ ಕೆಲಸ ಮಾಡುವ ಅಂಚೆ ಕಚೇರಿಗೋ ಬ್ಯಾಂಕ್ ಶಾಖೆಗೋ ವಿವಾಹ ಪ್ರಮಾಣಪತ್ರದ ಮೂಲ ಪ್ರತಿಯನ್ನೂ ಹಳೆಯ ಹೆಸರಿನ ಗುರುತಿನ ದಾಖಲೆಯನ್ನೂ ತೆಗೆದುಕೊಂಡು ಹೋಗಬೇಕು. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡೇ ಬಾರಿ ಬದಲಿಸಬಹುದು, ಹಿಂದೆಂದೋ ಮಾಡಿಸಿದ ಅಕ್ಷರದೋಷದ ತಿದ್ದುಪಡಿಯೂ ಅದರಲ್ಲಿ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ನಿರ್ವಾಹಕರು ಟೈಪ್ ಮಾಡಿದ್ದನ್ನು ಪರದೆಯ ಮೇಲೆ ಅಕ್ಷರ ಅಕ್ಷರವಾಗಿ ಓದಿ ನೋಡದೆ ಒಪ್ಪಿಗೆ ಕೊಡಬೇಡಿ. ಕನ್ನಡ ರೂಪವನ್ನೂ ನೋಡಿ, ಇಂಗ್ಲಿಷಿನಿಂದ ತಾನಾಗಿ ಮೂಡುವ ಕನ್ನಡದಲ್ಲಿ ಭಟ್ ಎಂಬುದು ಭಾಟ್ ಆಗಿರುವುದನ್ನು ನಾನೇ ಕಂಡಿದ್ದೇನೆ.

ಪ್ಯಾನ್‌ನಲ್ಲಿ ಸಂಖ್ಯೆ ಬದಲಾಗುವುದಿಲ್ಲ, ಹೊಸ ಪ್ಯಾನ್‌ಗೆ ಅರ್ಜಿ ಹಾಕಲೂ ಬಾರದು. ಇರುವ ಪ್ಯಾನ್‌ನ ವಿವರಗಳ ತಿದ್ದುಪಡಿಗೆ ಪ್ಯಾನ್ ಅರ್ಜಿಗಳನ್ನು ತೆಗೆದುಕೊಳ್ಳುವ ಸಂಸ್ಥೆಗಳಾದ ಪ್ರೋಟಿಯನ್ ಅಥವಾ ಯುಟಿಐಐಟಿಎಸ್‌ಎಲ್ ಮೂಲಕ ಅರ್ಜಿ ಹಾಕಬೇಕು. ಇಲ್ಲಿ ಬಹಳ ಜನ ಮಾಡುವ ತಪ್ಪೆಂದರೆ ತಂದೆಯ ಹೆಸರಿನ ಜಾಗದಲ್ಲಿ ಗಂಡನ ಹೆಸರನ್ನು ತುಂಬುವುದು. ಮದುವೆಯಾದವರೂ ಅಲ್ಲಿ ತಂದೆಯ ಹೆಸರನ್ನೇ ಬರೆಯಬೇಕು, ಆ ಭಾಗವನ್ನು ಮುಟ್ಟುವ ಅಗತ್ಯವೇ ಇಲ್ಲ. ಹೊಸ ಕಾರ್ಡ್ ಕೈಗೆ ಬರಲು ಎರಡು ಮೂರು ವಾರ ಹಿಡಿಯಬಹುದು. ಆದಾಯ ತೆರಿಗೆ ವಿವರವನ್ನು ಸಲ್ಲಿಸಿ ಮರುಪಾವತಿಗೆ ಕಾಯುತ್ತಿದ್ದರೆ ಹಣ ಖಾತೆಗೆ ಬಂದ ಮೇಲೆ ಈ ಕೆಲಸಕ್ಕೆ ಕೈಹಾಕಿ. ನಡುವೆ ಹೆಸರು ಬದಲಾದರೆ ಪ್ಯಾನ್ ಹೊಸದು, ಖಾತೆ ಹಳೆಯದು ಎಂಬ ಸ್ಥಿತಿಯಲ್ಲಿ ಮರುಪಾವತಿ ತಡೆಯಾಗುವ ಸಂಭವವಿದೆ.

ಆಧಾರ್ ಮತ್ತು ಪ್ಯಾನ್ ಎರಡೂ ಬದಲಾದ ಮೇಲೆ ತಡಮಾಡಬೇಡಿ. ಬ್ಯಾಂಕಿಗೆ ಕೊಟ್ಟ ದಾಖಲೆಗಳಲ್ಲಿ ಬದಲಾವಣೆಯಾದರೆ 30 ದಿನಗಳೊಳಗೆ ಹೊಸ ದಾಖಲೆಯನ್ನು ಬ್ಯಾಂಕಿಗೆ ಕೊಡಬೇಕು ಎಂಬುದು ಗ್ರಾಹಕರ ಮೇಲಿನ ಬಾಧ್ಯತೆಯೂ ಹೌದು.

ನಾಲ್ಕನೆಯ ಹೆಜ್ಜೆ: ಶಾಖೆಗೆ ಹೋಗುವ ಮೊದಲು ಗ್ರಾಹಕ ಸಂಖ್ಯೆಯನ್ನು ಹುಡುಕಿ

ಬ್ಯಾಂಕಿನ ಗಣಕದಲ್ಲಿ ಹೆಸರು ಎರಡು ಕಡೆ ಇರುತ್ತದೆ. ಒಂದು, ವ್ಯಕ್ತಿಯ ಮೂಲ ದಾಖಲೆ. ಇದರ ಗ್ರಾಹಕ ಸಂಖ್ಯೆಗೆ ಕೆಲವು ಬ್ಯಾಂಕುಗಳಲ್ಲಿ ಸಿಐಎಫ್ ಸಂಖ್ಯೆ ಎಂದೂ ಕೆಲವು ಕಡೆ ಕಸ್ಟಮರ್ ಐಡಿ ಎಂದೂ ಹೆಸರು. ಎರಡು, ಪ್ರತಿಯೊಂದು ಖಾತೆಯ ಶೀರ್ಷಿಕೆ. ಸಿಬ್ಬಂದಿ ಮೂಲ ದಾಖಲೆಯಲ್ಲಿ ಹೆಸರನ್ನು ತಿದ್ದಿದರೂ ಹಳೆಯ ಖಾತೆಗಳ, ಅದರಲ್ಲೂ ಜಂಟಿ ಠೇವಣಿಗಳ ಶೀರ್ಷಿಕೆ ಹಾಗೇ ಉಳಿಯುವುದುಂಟು. 'ಬ್ಯಾಂಕಿನಲ್ಲಿ ಹೆಸರು ಬದಲಾಗಿದೆ ಎಂದರು, ಆದರೆ ಠೇವಣಿ ರಸೀದಿಯಲ್ಲಿ ಹಳೆಯದೇ ಬರುತ್ತಿದೆ' ಎಂಬ ದೂರಿನ ಮೂಲ ಇದು.

ಸುಮಾಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ವಿಲೀನಕ್ಕೆ ಮುಂಚೆ ಎರಡೂ ಬ್ಯಾಂಕುಗಳಲ್ಲಿ ಖಾತೆ ಇದ್ದವರಿಗೆ ಈಗ ಒಂದೇ ಬ್ಯಾಂಕಿನಲ್ಲಿ ಎರಡು ಗ್ರಾಹಕ ಸಂಖ್ಯೆಗಳು ಉಳಿದಿರಬಹುದು. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ, 2019ರಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರಲ್ಲಿ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಸೇರಿದಾಗಲೂ ಹೀಗಾಗುವ ಅವಕಾಶವಿತ್ತು. ಈ ನಾಲ್ಕೂ ಬ್ಯಾಂಕುಗಳ ಬೇರು ಕರ್ನಾಟಕದಲ್ಲಿಯೇ ಇದ್ದುದರಿಂದ ನಮ್ಮವರಲ್ಲಿ ಇಂಥ ಹಳೆಯ ಖಾತೆ ಇಲ್ಲದ ಮನೆ ಅಪರೂಪ. ಒಂದು ಗ್ರಾಹಕ ಸಂಖ್ಯೆಯಡಿ ಹೆಸರು ಬದಲಿಸಿದರೆ ಇನ್ನೊಂದರಡಿ ಇರುವ ಖಾತೆಗಳಿಗೆ ಅದು ತಲುಪುವುದಿಲ್ಲ.

ಪತ್ತೆ ಹಚ್ಚುವುದು ಸುಲಭ. ಎಲ್ಲ ಪಾಸ್‌ಬುಕ್‌ಗಳನ್ನೂ ಠೇವಣಿ ರಸೀದಿಗಳನ್ನೂ ಮೇಜಿನ ಮೇಲೆ ಹರಡಿ, ಮೊದಲ ಪುಟದಲ್ಲಿ ಮುದ್ರಿತವಾದ ಗ್ರಾಹಕ ಸಂಖ್ಯೆಯನ್ನು ಹೋಲಿಸಿ ನೋಡಿ. ಎಲ್ಲದರಲ್ಲೂ ಒಂದೇ ಇದ್ದರೆ ಒಂದು ಅರ್ಜಿ ಸಾಕು. ಮೊಬೈಲ್ ಬ್ಯಾಂಕಿಂಗ್‌ನಲ್ಲಿ ಒಂದು ಖಾತೆ ಕಾಣಿಸಿ ಇನ್ನೊಂದು ಕಾಣಿಸದಿದ್ದರೆ ಅದೂ ಎರಡು ಸಂಖ್ಯೆಗಳಿರುವ ಸೂಚನೆ. ಎರಡಿದ್ದರೆ, ಅರ್ಜಿಯಲ್ಲೇ ಅವೆರಡನ್ನೂ ಒಂದುಗೂಡಿಸುವಂತೆ ಕೇಳಿ, ಒಬ್ಬ ಗ್ರಾಹಕರಿಗೆ ಒಂದೇ ಗುರುತು ಸಂಖ್ಯೆ ಇರಬೇಕೆಂಬುದು ರಿಸರ್ವ್ ಬ್ಯಾಂಕಿನದೇ ಸೂಚನೆಯಾದ್ದರಿಂದ ಶಾಖೆಯವರು ಇಲ್ಲ ಎನ್ನಲಾರರು. ಮೊದಲು ಒಂದುಗೂಡಿಸಿ ಆಮೇಲೆ ಹೆಸರು ಬದಲಿಸಬೇಕೇ ಹೊರತು ತಿರುಗುಮುರುಗಾಗಬಾರದು. ಹೆಸರು ಬೇರೆಬೇರೆಯಾದ ಮೇಲೆ ಆ ಎರಡು ದಾಖಲೆಗಳು ಒಬ್ಬಳವೇ ಎಂದು ಮತ್ತೆ ಸಾಬೀತುಪಡಿಸಬೇಕಾಗುತ್ತದೆ.

ಐದನೆಯ ಹೆಜ್ಜೆ: ಅರ್ಜಿ ಮತ್ತು ಕೌಂಟರಿನ ಕೆಲಸ

ಸಾಧ್ಯವಾದರೆ ಮುಖ್ಯ ಖಾತೆ ಇರುವ ಶಾಖೆಗೇ ಹೋಗಿ. ಬೇರೆ ಶಾಖೆಯಲ್ಲೂ ಕೆವೈಸಿ ಕಾಗದ ತೆಗೆದುಕೊಳ್ಳುತ್ತಾರೆ, ಆದರೆ ಹಳೆಯ ಖಾತೆ ತೆರೆದ ನಮೂನೆ ಮತ್ತು ಸಹಿಯ ಮಾದರಿಯ ಬಗ್ಗೆ ಪ್ರಶ್ನೆ ಎದ್ದರೆ ಅಲ್ಲಿಗೇ ಬರೆದು ಕೇಳಬೇಕಾಗುತ್ತದೆ. ಜೊತೆಗೆ ಒಯ್ಯಬೇಕಾದವು ಇವು: ವಿವಾಹ ನೋಂದಣಿ ಪ್ರಮಾಣಪತ್ರ, ಹೊಸ ಹೆಸರಿನ ಆಧಾರ್ ಮತ್ತು ಪ್ಯಾನ್, ಹಳೆಯ ಹೆಸರಿನ ಕನಿಷ್ಠ ಒಂದು ಗುರುತಿನ ದಾಖಲೆ, ಎರಡು ಭಾವಚಿತ್ರ, ಪಾಸ್‌ಬುಕ್‌ಗಳು, ಠೇವಣಿ ರಸೀದಿಗಳು, ಬಳಸದ ಚೆಕ್ ಹಾಳೆಗಳು. ಎಲ್ಲದರ ಮೂಲ ಪ್ರತಿ ತೋರಿಸುವುದಕ್ಕೆ, ಸಹಿ ಮಾಡಿದ ಜೆರಾಕ್ಸ್ ಕೊಡುವುದಕ್ಕೆ. ಮೂಲ ಪ್ರಮಾಣಪತ್ರವನ್ನು ಯಾರ ಬಳಿಯೂ ಬಿಟ್ಟು ಬರಬೇಡಿ.

ಬ್ಯಾಂಕಿನ ಅಚ್ಚಿಟ್ಟ ನಮೂನೆಯನ್ನು ತುಂಬಿದರೂ ಒಂದು ಪ್ರತ್ಯೇಕ ಪತ್ರವನ್ನು ಬರೆದು ಲಗತ್ತಿಸಿ. ನಮೂನೆಯಲ್ಲಿ ಖಾತೆಗಳನ್ನೆಲ್ಲ ಎಣಿಸುವಷ್ಟು ಜಾಗ ಇರುವುದಿಲ್ಲ, ಎಣಿಸದೆ ಬಿಟ್ಟ ಖಾತೆಯೇ ಆಮೇಲೆ ಕಾಡುವುದು. ಪತ್ರ ಹೀಗಿರಬಹುದು:

ಶಾಖಾ ವ್ಯವಸ್ಥಾಪಕರಿಗೆ,
ಮಾನ್ಯರೇ,
ನನ್ನ ಗ್ರಾಹಕ ಸಂಖ್ಯೆ ———. ದಿನಾಂಕ ——— ರಂದು ನನ್ನ ವಿವಾಹವಾಗಿದ್ದು, ವಿವಾಹ ನೋಂದಣಿ ಸಂಖ್ಯೆ ———. ಆ ಕಾರಣದಿಂದ ನನ್ನ ಹೆಸರು SUMA NARAYAN HEGDE ಎಂಬುದರಿಂದ SUMA BHAT ಎಂದು ಬದಲಾಗಿದೆ. ನನ್ನ ಮೂಲ ದಾಖಲೆಯಲ್ಲಿಯೂ ಈ ಕೆಳಗಿನ ಪ್ರತಿಯೊಂದು ಖಾತೆಯ ಶೀರ್ಷಿಕೆಯಲ್ಲಿಯೂ ಹೊಸ ಹೆಸರನ್ನು ನಮೂದಿಸಬೇಕಾಗಿ ಕೋರುತ್ತೇನೆ: ಉಳಿತಾಯ ಖಾತೆ ———, ಸಂಬಳದ ಖಾತೆ ———, ತಂದೆಯವರೊಂದಿಗಿನ ಜಂಟಿ ಠೇವಣಿ ———.
ನನ್ನ ಸಹಿಯಲ್ಲಿ ಬದಲಾವಣೆ ಇಲ್ಲ. ನನ್ನ ಮೊಬೈಲ್ ಸಂಖ್ಯೆಯಲ್ಲಿ ಬದಲಾವಣೆ ಇಲ್ಲ. ಠೇವಣಿಯನ್ನು ಮುರಿಯದೆ ಹೆಸರನ್ನು ಮಾತ್ರ ತಿದ್ದಬೇಕು.

ಕೊನೆಯ ಮೂರು ವಾಕ್ಯಗಳನ್ನು ಬಿಡಬೇಡಿ. ಸಹಿಯ ವಿಷಯ ಅನೇಕರಿಗೆ ಹೊಳೆಯುವುದೇ ಇಲ್ಲ. ಹೆಸರು ಬದಲಾದರೆ ಸಹಿಯೂ ಬದಲಾಗಲೇಬೇಕೆಂಬ ನಿಯಮವಿಲ್ಲ, ಸಹಿ ಎಂಬುದು ಒಂದು ಗುರುತು ಅಷ್ಟೆ. ಸಹಿಯನ್ನು ಬದಲಿಸಿದರೆ ಮುಂಚೆ ಬರೆದುಕೊಟ್ಟ ಚೆಕ್‌ಗಳು, ಉದಾಹರಣೆಗೆ ಮನೆ ಬಾಡಿಗೆಗೆಂದು ಮುಂದಿನ ದಿನಾಂಕ ಹಾಕಿ ಕೊಟ್ಟವು, ಸಹಿ ಹೊಂದುವುದಿಲ್ಲ ಎಂಬ ಕಾರಣದಿಂದ ವಾಪಸಾಗುತ್ತವೆ. ಹೊಸ ಅಡ್ಡಹೆಸರಿನಲ್ಲಿಯೇ ಸಹಿ ಮಾಡುವ ಆಸೆ ಇದ್ದರೆ ಹಳೆಯ ಚೆಕ್‌ಗಳೆಲ್ಲ ಪಾವತಿಯಾದ ಮೇಲೆ ಬೇರೆ ಅರ್ಜಿ ಕೊಡಿ.

ಕಾಗದ ಕೊಟ್ಟ ಕೂಡಲೇ ಪತ್ರದ ಇನ್ನೊಂದು ಪ್ರತಿಯ ಮೇಲೆ ದಿನಾಂಕ ಮತ್ತು ಮೊಹರು ಹಾಕಿಸಿಕೊಳ್ಳಿ. ಒಬ್ಬರು ನಮೂದಿಸಿ ಮತ್ತೊಬ್ಬ ಅಧಿಕಾರಿ ಅನುಮೋದಿಸಿದ ಮೇಲೆಯೇ ಬದಲಾವಣೆ ಊರ್ಜಿತವಾಗುತ್ತದೆ. ಮೊದಲನೆಯದು ಆಗಿ ಎರಡನೆಯದು ಆಗದೆ ಬಾಕಿ ಉಳಿದ ಅರ್ಜಿಗಳು ಪ್ರತಿ ಶಾಖೆಯಲ್ಲೂ ಇರುತ್ತವೆ. ಒಂದು ವಾರ ಬಿಟ್ಟು ವಿಚಾರಿಸಿ. ಕಾರಣ ಹೇಳದೆ ಅರ್ಜಿಯನ್ನು ತಿರಸ್ಕರಿಸಿದರೆ ಅಥವಾ ಸುಮ್ಮನೆ ಇಟ್ಟುಕೊಂಡರೆ ಬ್ಯಾಂಕಿನ ದೂರು ವಿಭಾಗಕ್ಕೆ ಲಿಖಿತವಾಗಿ ಬರೆಯಿರಿ, 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ cms.rbi.org.in ಮೂಲಕ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಮೊಹರು ಬಿದ್ದ ಪ್ರತಿ ಆಗ ಕೆಲಸಕ್ಕೆ ಬರುತ್ತದೆ.

ಆರನೆಯ ಹೆಜ್ಜೆ: ಠೇವಣಿಯನ್ನು ಮುರಿಯದೆ ಹೆಸರು ತಿದ್ದಿಸುವುದು

'ಹಳೆಯ ಠೇವಣಿಯನ್ನು ಮುಚ್ಚಿ ಹೊಸ ಹೆಸರಿನಲ್ಲಿ ಹೊಸದನ್ನು ತೆರೆಯಿರಿ, ಸುಲಭ' ಎಂಬ ಸಲಹೆ ಕೌಂಟರಿನಲ್ಲಿ ಸಿಗುವುದುಂಟು. ಕೊಡುವವರಿಗೆ ಸುಲಭ, ಪಡೆಯುವವರಿಗೆ ನಷ್ಟ. ಸುಮಾಳ ಮೂರು ಲಕ್ಷದ ಠೇವಣಿಯನ್ನೇ ತೆಗೆದುಕೊಳ್ಳಿ. ಅದು ಐದು ವರ್ಷಕ್ಕೆ ಶೇಕಡ 7ರ ಬಡ್ಡಿಯಲ್ಲಿ ಇಟ್ಟದ್ದು, ಎರಡು ವರ್ಷ ಕಳೆದಿವೆ ಎಂದುಕೊಳ್ಳೋಣ. ಅವಧಿಗೆ ಮುನ್ನ ಮುರಿದರೆ ಬ್ಯಾಂಕು ಐದು ವರ್ಷದ ದರವನ್ನಲ್ಲ, ಠೇವಣಿ ಇಟ್ಟ ದಿನ ಎರಡು ವರ್ಷದ ಅವಧಿಗೆ ಇದ್ದ ದರವನ್ನು ಕೊಡುತ್ತದೆ. ಅದು ಶೇಕಡ 6.75 ಎಂದಿಟ್ಟುಕೊಂಡು ಶೇಕಡ 1ರ ದಂಡ ಕಳೆದರೆ ಉಳಿಯುವುದು 5.75. ಚಕ್ರಬಡ್ಡಿಯನ್ನು ಬದಿಗಿಟ್ಟು ಸರಳವಾಗಿ ಲೆಕ್ಕ ಹಾಕಿದರೂ ಎರಡು ವರ್ಷಕ್ಕೆ 42,000 ರೂಪಾಯಿ ಬರಬೇಕಾದಲ್ಲಿ 34,500 ಬರುತ್ತದೆ. ಹೆಸರಿನ ಎರಡು ಪದಗಳಿಗಾಗಿ 7,500 ರೂಪಾಯಿ. ಇಂದಿನ ದರ ಅಂದಿಗಿಂತ ಕಡಿಮೆಯಿದ್ದರೆ ಉಳಿದ ಮೂರು ವರ್ಷದ ನಷ್ಟ ಬೇರೆ. ತೆರಿಗೆ ಉಳಿತಾಯದ ಐದು ವರ್ಷದ ಠೇವಣಿಯಾದರೆ ಮುರಿಯಲು ಬರುವುದೇ ಇಲ್ಲ.

ಹೆಸರಿನ ತಿದ್ದುಪಡಿಯಿಂದ ಠೇವಣಿಯ ಸಂಖ್ಯೆ, ದರ, ಮುಕ್ತಾಯದ ದಿನ ಯಾವುದೂ ಬದಲಾಗಬೇಕಿಲ್ಲ. ಹಳೆಯ ರಸೀದಿಯನ್ನು ಒಪ್ಪಿಸಿ ಹೊಸ ಹೆಸರಿನ ರಸೀದಿಯನ್ನು ಮುದ್ರಿಸಿ ಕೊಡುವಂತೆ ಕೇಳಿ, ಹೊಸದರಲ್ಲಿ ಈ ಮೂರೂ ಮೊದಲಿನಂತೆಯೇ ಇವೆಯೇ ಎಂದು ಅಲ್ಲೇ ನಿಂತು ನೋಡಿ. ಜಂಟಿ ಠೇವಣಿಯಲ್ಲಿ ತಂದೆಯ ಹೆಸರು ಮೊದಲಿದ್ದರೆ ಅದೇ ಕ್ರಮ ಉಳಿಯಬೇಕು. ತಿದ್ದುವಾಗ ಹೆಸರುಗಳ ಕ್ರಮ ಅದಲುಬದಲಾದರೆ ಬಡ್ಡಿಯ ಆದಾಯ ಮಗಳ ಪ್ಯಾನ್‌ಗೆ ಹೋಗಿ ಸೇರುತ್ತದೆ. ಮಗಳ ಹೆಸರನ್ನು ತಿದ್ದಲು ತಂದೆಯ ಕೆವೈಸಿ ಕೇಳುವ ಅಗತ್ಯವಿಲ್ಲ, ಆದರೆ ಅದೇ ಸಂದರ್ಭದಲ್ಲಿ ಠೇವಣಿಯ ನಾಮಿನಿಯನ್ನೂ ಬದಲಿಸುವುದಾದರೆ ಇಬ್ಬರೂ ಸಹಿ ಹಾಕಬೇಕು.

ಟಿಡಿಎಸ್ ವಿಷಯದಲ್ಲಿ ಒಂದು ಎಚ್ಚರ. ಒಂದು ಬ್ಯಾಂಕಿನಿಂದ ವರ್ಷಕ್ಕೆ 50,000 ರೂಪಾಯಿಗಿಂತ ಹೆಚ್ಚು ಠೇವಣಿ ಬಡ್ಡಿ ಬಂದರೆ ಶೇಕಡ 10ರಂತೆ ತೆರಿಗೆ ಹಿಡಿಯುತ್ತಾರೆ, ಹಿರಿಯ ನಾಗರಿಕರಿಗೆ ಈ ಮಿತಿ ಒಂದು ಲಕ್ಷ. ಪ್ಯಾನ್ ಇಲ್ಲವೆಂದಾದರೆ ಅದು ಶೇಕಡ 20 ಆಗುತ್ತದೆ. ಹೆಸರು ಬದಲಿಸುವಾಗ ಪ್ಯಾನ್ ತಾಳೆಯಾಗದೆ ಗಣಕದಲ್ಲಿ ದೃಢೀಕರಣವಾಗದ ಪ್ಯಾನ್ ಎಂದು ಉಳಿದುಬಿಟ್ಟರೆ ಮುಂದಿನ ಬಡ್ಡಿಯ ದಿನ ಇಪ್ಪತ್ತು ಕಡಿತವಾಗಿರುತ್ತದೆ. ಬಡ್ಡಿ ಜಮಾ ಆದ ಸಾಲನ್ನು ಒಮ್ಮೆ ನೋಡಿದರೆ ಗೊತ್ತಾಗುತ್ತದೆ.

ಏಳನೆಯ ಹೆಜ್ಜೆ: ಬದಲಾಗಿದೆಯೇ ಎಂದು ಪರೀಕ್ಷಿಸಿ, ಹೊರಗಿನವರಿಗೆ ತಿಳಿಸುವುದು

ಪಾಸ್‌ಬುಕ್ಕಿನ ಮೊದಲ ಪುಟವನ್ನು ಹೊಸದಾಗಿ ಮುದ್ರಿಸಿಕೊಳ್ಳುವುದು ಹಳೆಯ ಪರೀಕ್ಷೆ. ಈಗ ಇನ್ನೂ ಒಂದು ಒಳ್ಳೆಯ ದಾರಿ ಇದೆ. ನೆಫ್ಟ್ ಮಾಡುವಾಗ ಹಣ ಪಡೆಯುವವರ ಖಾತೆಯಲ್ಲಿರುವ ಹೆಸರನ್ನು ಕಳುಹಿಸುವವರಿಗೆ ತೋರಿಸುವ ವ್ಯವಸ್ಥೆಯನ್ನು 2025ರಿಂದ ಬ್ಯಾಂಕುಗಳು ಅಳವಡಿಸಿವೆ. ಗಂಡನಿಗೋ ಗೆಳತಿಗೋ ಬೇರೆ ಬ್ಯಾಂಕಿನಿಂದ ನಿಮ್ಮ ಪ್ರತಿಯೊಂದು ಖಾತೆಯನ್ನೂ ಹೊಸದಾಗಿ ಸೇರಿಸಿ ನೋಡಲು ಹೇಳಿ. ಪರದೆಯ ಮೇಲೆ ಮೂಡುವ ಹೆಸರೇ ಹೊರಜಗತ್ತಿಗೆ ಕಾಣುವ ನಿಮ್ಮ ಹೆಸರು. ಸುಮಾಳ ಸಂಬಳದ ಖಾತೆಯಲ್ಲಿ SUMA BHAT ಎಂದು ಬಂದು ಶಿರಸಿಯ ಖಾತೆಯಲ್ಲಿ ಇನ್ನೂ ಹೆಗಡೆ ಎಂದಿದ್ದರೆ, ಎರಡು ಗ್ರಾಹಕ ಸಂಖ್ಯೆಗಳು ಒಂದುಗೂಡಿಲ್ಲ ಎಂದೇ ಅರ್ಥ.

ಖಾತೆ ಸಂಖ್ಯೆ ಬದಲಾಗದಿರುವುದರಿಂದ ಸಾಲದ ಕಂತು, ವಿಮೆಯ ಕಂತು, ಯುಪಿಐ ಇವೆಲ್ಲ ತಾವಾಗಿ ನಡೆಯುತ್ತಿರುತ್ತವೆ. ಹಣ ಹೊರಗೆ ಹೋಗುವ ಕಡೆ ಹೆಸರು ಅಡ್ಡ ಬರುವುದು ಕಡಿಮೆ, ಹಣ ಒಳಗೆ ಬರುವ ಕಡೆ ಅಡ್ಡ ಬರುತ್ತದೆ. ಆದ್ದರಿಂದ ಮೊದಲು ಉದ್ಯೋಗದಾತರಿಗೆ ತಿಳಿಸಿ ಸಂಬಳದ ದಾಖಲೆಯನ್ನೂ ಭವಿಷ್ಯನಿಧಿಯ ಯುಎಎನ್ ದಾಖಲೆಯನ್ನೂ ತಿದ್ದಿಸಿ. ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ My Bank Accounts ಎಂಬಲ್ಲಿ ಖಾತೆಯನ್ನು ಮತ್ತೊಮ್ಮೆ ದೃಢೀಕರಿಸಿ. ಮ್ಯೂಚುವಲ್ ಫಂಡ್ ಇದ್ದರೆ ಕೆವೈಸಿ ನೋಂದಣಿ ಸಂಸ್ಥೆಯಲ್ಲಿ ಹೆಸರು ಬದಲಾದ ಮೇಲೆ ಫೋಲಿಯೋಗಳಲ್ಲಿ ಬದಲಿಸಬೇಕು. ಖಾತೆಯ ಹೆಸರಿಗೂ ಫೋಲಿಯೋದ ಹೆಸರಿಗೂ ತಾಳೆಯಾಗದಿದ್ದರೆ ಮಾರಿದ ಯುನಿಟ್‌ಗಳ ಹಣ ಬರುವುದು ತಡವಾಗುತ್ತದೆ. ಅಂಚೆ ಕಚೇರಿಯ ಖಾತೆಗಳಿಗೆ ಅಲ್ಲಿಯೇ ಬೇರೆ ಅರ್ಜಿ. ಹಳೆಯ ಹೆಸರಿಗೆ ಬರೆದ ಮದುವೆಯ ಉಡುಗೊರೆಯ ಚೆಕ್‌ಗಳಿದ್ದರೆ ಹೆಸರು ಬದಲಿಸುವ ಮೊದಲೇ ಖಾತೆಗೆ ಕಟ್ಟಿಬಿಡಿ. ಚೆಕ್‌ಗೆ ಮೂರು ತಿಂಗಳ ಆಯುಷ್ಯ ಮಾತ್ರ.

ಕೊನೆಯದಾಗಿ ತಾಯಿಯ ಖಾತೆ. ನಾಮಿನಿಯ ಹೆಸರು ಆ ಖಾತೆಯಲ್ಲಿ ಬರೆದಿಟ್ಟ ಒಂದು ಪದ ಅಷ್ಟೇ. ಸುಮಾಳ ಗ್ರಾಹಕ ಸಂಖ್ಯೆಗೂ ಅದಕ್ಕೂ ನಂಟಿಲ್ಲ, ಹಾಗಾಗಿ ಆಕೆ ತನ್ನ ಖಾತೆಗಳನ್ನು ಎಷ್ಟೇ ತಿದ್ದಿಸಿದರೂ ತಾಯಿಯ ಖಾತೆಯಲ್ಲಿ ಸುಮಾ ನಾರಾಯಣ ಹೆಗಡೆಯೇ ಉಳಿಯುತ್ತಾಳೆ. ನಾಮನಿರ್ದೇಶನ ರದ್ದಾಗುವುದಿಲ್ಲ, ಆದರೆ ಮುಂದೆ ಹಣ ಕೇಳುವ ದಿನ ಹೊಸ ಹೆಸರಿನ ಆಧಾರ್ ಹಿಡಿದು ನಿಂತಾಗ ವಿವಾಹ ಪ್ರಮಾಣಪತ್ರವನ್ನು ಹುಡುಕಬೇಕಾಗುತ್ತದೆ. ಇದನ್ನು ಮಗಳು ತಿದ್ದಿಸಲಾರಳು, ಖಾತೆದಾರರಾದ ತಾಯಿಯೇ ಹೊಸ ನಾಮನಿರ್ದೇಶನದ ನಮೂನೆಗೆ ಸಹಿ ಹಾಕಿ ಕೊಡಬೇಕು. 2025ರ ನವೆಂಬರ್ 1ರಿಂದ ಒಂದು ಠೇವಣಿ ಖಾತೆಗೆ ನಾಲ್ವರವರೆಗೆ ನಾಮಿನಿಗಳನ್ನು ಸೂಚಿಸಲು ಅವಕಾಶವಿದೆ, ಇನ್ನೊಬ್ಬ ಮಗನನ್ನೋ ಮಗಳನ್ನೋ ಸೇರಿಸುವ ಮನಸ್ಸು ತಾಯಿಗಿದ್ದರೆ ಅದೇ ನಮೂನೆಯಲ್ಲಿ ಪ್ರತಿಯೊಬ್ಬರ ಪಾಲನ್ನು ಒಟ್ಟು ಶೇಕಡ 100 ಆಗುವಂತೆ ಬರೆಯಬಹುದು. ಮುಂದಿನ ಬಾರಿ ತವರಿಗೆ ಹೋದಾಗ ತಾಯಿಯ ಪಾಸ್‌ಬುಕ್ ತೆಗೆದುಕೊಂಡು ಇಬ್ಬರೂ ಶಾಖೆಗೆ ಹೋಗಿ ಬಂದರೆ ಅದು ಅರ್ಧ ಗಂಟೆಯ ಕೆಲಸ.